ಜಾತಕ ಕೂಡಲಿಲ್ಲವೆಂದ ಮೇಲೆ



ಮದುವೆಗೆ ಬಂದ ಮಗಳಿರುವ ಮನೆಯವರಿಗೆ "ಜಾತಕ ಕೂಡಲಿಲ್ಲ" ಎಂಬ ಮಾತು ಹೊಸದಲ್ಲ. ಆ ಮಾತು ಬಂದ ಮೇಲೆ ಗಂಡಿನ ಕಡೆಯವರು ಬೇರೆ ಹೆಣ್ಣು ನೋಡುವರು, ಹೆಣ್ಣಿನ ಕಡೆಯವರು ಬೇರೆ ಗಂಡು ನೋಡುವರು. ಆದರೆ ನಡುವಿನ ನಾಲ್ಕೆಂಟು ದಿನ ಆ ಹುಡುಗಿ ತನ್ನ ತವರುಮನೆಯಲ್ಲೇ ಹೇಗೆ ಇರುವಳು, ಅವಳ ಕಿವಿಗೆ ಏನು ಬೀಳುವದು ಎಂಬುದನ್ನು ನಾವು ಹೆಚ್ಚಾಗಿ ಯೋಚಿಸುವದಿಲ್ಲ. ನಾನೂ ಯೋಚಿಸಿರಲಿಲ್ಲ. ಪುಣೆಯಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಐದು ವರ್ಷಗಳ ಹಿಂದೆ ನಡೆದ ಸಂಗತಿ ನನ್ನ ಕಣ್ಣು ತೆರೆಯಿಸಿತು. ತಮ್ಮನ ಮಗಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಹೆಸರೊಂದು ಬ್ಯಾಡ ಅತ್ಯಾ, ಉಳಿದದ್ದೆಲ್ಲಾ ಬರೀರಿ" ಎಂದಿದ್ದಾಳೆ.

ಗಂಡಿನ ಮನೆ ಹುಬ್ಬಳ್ಳಿಯದು. ಹುಡುಗ ಹುಡುಗಿ ಎರಡು ಸಲ ಕೂತು ಮಾತಾಡಿದ್ದರು. ಇಬ್ಬರಿಗೂ ಒಪ್ಪಿಗೆಯಾಗಿತ್ತು. ಗುಣಗಳ ಲೆಕ್ಕದಲ್ಲಿಯೂ 36ಕ್ಕೆ 26 ಬಂದಿದ್ದವು. 18 ಬಂದರೆ ಸಾಕೆನ್ನುವ ರೂಢಿಯಂತೆ ಅದು ಚೆನ್ನಾಗಿಯೇ ಕೂಡಿದಂತಾಯಿತು. ನಿಶ್ಚಯಕ್ಕೆ ದಿನ ಕೇಳಬೇಕೆಂದು ಅವರು ತಮ್ಮ ಜೋಯಿಸರ ಬಳಿಗೆ ಹೋದಾಗ ಮಾತ್ರ ಮಾತು ತಿರುಗಿತು. ಹುಡುಗನ ತಾಯಿ ಫೋನು ಮಾಡಿದರು: "ಹುಡುಗಿ ಬಗ್ಗೆ ನಮ್ಮದೇನೂ ಇಲ್ರಿ. ಆದ್ರ ಮೂಲಾ ನಕ್ಷತ್ರ, ಎರಡನೇ ಪಾದ ಅಂತ ಹೇಳಿದ್ರು. ನಮ್ಮ ಮನಿಯವರಿಗೆ ಒಳ್ಳೇದಲ್ಲಂತ."

ನನ್ನ ತಮ್ಮ ಗ್ಯಾಲರಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಿದ. ಹೆಂಡತಿಗೆ ಹೇಳಿದ, ಅವಳು ತನ್ನ ಅಕ್ಕನಿಗೆ ಹೇಳಿದಳು, ಅಲ್ಲಿಂದ ಮಾತು ಬೆಳಗಾವಿಗೆ ಹೋಯಿತು. ಸಂಜೆಯಾಗುವದರೊಳಗೆ ಆರು ಮನೆಗಳಿಗೆ ಗೊತ್ತಾಗಿತ್ತು. ಗೊತ್ತಿಲ್ಲದವಳು ಹುಡುಗಿಯೊಬ್ಬಳೇ. ಅವಳು ಆಫೀಸಿನಿಂದ ಬಂದು ಒಳಗೆ ಕಾಲಿಟ್ಟಾಗ ಅಡಿಗೆಮನೆಯ ಮಾತು ಥಟ್ಟನೆ ನಿಂತಿತು. ಕೊನೆಗೆ ಅವಳಿಗೆ ವಿಷಯ ತಿಳಿದದ್ದು ಕಾಕು ಮೊಬೈಲಿಗೆ ಕಳಿಸಿದ ಸಮಾಧಾನದ ಸಂದೇಶದಿಂದ: "ಬೇಜಾರ ಮಾಡ್ಕೋಬ್ಯಾಡವಾ. ಮಾವ ಇಲ್ಲದ ಮನಿ ಎಷ್ಟೋ ಸಿಗ್ತಾವ."

ಕಾಕು ಕೆಟ್ಟವರಲ್ಲ. ನಿಜವಾದ ಪ್ರೀತಿಯಿಂದಲೇ ಬರೆದಿದ್ದರು. ಮೂಲಾ ನಕ್ಷತ್ರದ ಹೆಣ್ಣಿಗೆ ಮಾವನಿಲ್ಲದ ಮನೆ ನೋಡಬೇಕೆಂಬ ಮಾತನ್ನು ನಾವೆಲ್ಲರೂ ಕೇಳಿಕೊಂಡೇ ಬೆಳೆದವರು. ಆ ರಾತ್ರಿ ಹುಡುಗಿ ನನ್ನ ಮನೆಗೆ ಬಂದಳು. ಚಹ ಕುಡಿಯಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದಳು: "ಅತ್ಯಾ, ನನ್ನ ಮದುವಿ ಸಲುವಾಗಿ ಯಾವನೋ ಒಬ್ಬನ ತಂದಿ ಸತ್ತಿರಬೇಕು, ಹೌದಲ್ಲ? ಅಂಥಾ ಮನಿ ಹುಡುಕತಾರ ಇನ್ನ?"

ನನಗೆ ಬಾಯಿ ಬಾರದಾಯಿತು. ಸುಮ್ಮನಿರಲಾರದೆ, "ಅದೆಲ್ಲಾ ಸುಳ್ಳು, ತಲಿಗೆ ಹಚ್ಕೋಬ್ಯಾಡ" ಎಂದೆ. "ಸುಳ್ಳಾಗಿದ್ರ ಜಾತಕ ಯಾಕ ಕೊಟ್ರಿ?" ಎಂದಳು. ಮಾತು ಸರಿಯಾಗಿತ್ತು. ಜಾತಕದ ಪ್ರತಿಯನ್ನು ನಾವೇ ಮುಂದಾಗಿ ಕಳಿಸಿದ್ದೆವು. 26 ಗುಣ ಬಂದಾಗ ಪೇಡೆ ಹಂಚಿದವರೂ ನಾವೇ. ಅನುಕೂಲವಾದಾಗ ನಂಬಿ, ಪ್ರತಿಕೂಲವಾದಾಗ ಸುಳ್ಳೆಂದರೆ ಹುಡುಗಿ ಏನನ್ನು ಹಿಡಿಯಬೇಕು? ನಮಗೆ ಸುಲಭವಾಗಿ ಬರುವ ಎರಡು ಸಮಾಧಾನಗಳೂ, ಅಂದರೆ "ಎಲ್ಲಾ ಸುಳ್ಳು" ಎಂಬುದೂ "ಬೇರೆ ಸಿಗುತ್ತದೆ" ಎಂಬುದೂ, ಅವಳ ಪ್ರಶ್ನೆಯನ್ನು ಮುಟ್ಟುವದೇ ಇಲ್ಲವೆಂದು ಅಂದು ನನಗೆ ತಿಳಿಯಿತು. ವರ ತಪ್ಪಿದ್ದಕ್ಕೆ ಅವಳು ಅಳುತ್ತಿರಲಿಲ್ಲ. ತನ್ನಿಂದ ಒಬ್ಬರಿಗೆ ಸಾವು ಬರುವದೆಂದು ತನ್ನ ಮನೆಯವರೇ ಒಪ್ಪಿಕೊಂಡರಲ್ಲ ಎಂಬುದು ಅವಳ ದುಃಖವಾಗಿತ್ತು.

ಹೇಳಿದ್ದೇನು ಎಂಬುದನ್ನು ಮೊದಲು ಕೇಳಬೇಕು

ಮರುದಿನ ನಾನು, ನನ್ನ ತಮ್ಮ, ಹುಡುಗಿ ಮೂವರೂ ಕೂತೆವು. ಅವಳನ್ನು ಹೊರಗಿಟ್ಟು ಮಾತಾಡಬಾರದೆಂದು ನಾನು ಹಟ ಹಿಡಿದೆ. ಬಂದ ತೀರ್ಪು ನಿಜವಾಗಿ ಏನೆಂಬುದನ್ನು ಮೂವರೂ ಕೂಡಿ ತಿಳಿದುಕೊಂಡೆವು.

ಚಂದ್ರನು ಆಕಾಶದ 27 ನಕ್ಷತ್ರಗಳನ್ನು ಸುಮಾರು 27 ದಿನಗಳಲ್ಲಿ ಸುತ್ತುವನು. ಹೀಗಾಗಿ ಒಂದೊಂದು ನಕ್ಷತ್ರದಲ್ಲಿ ಹೆಚ್ಚು ಕಡಿಮೆ ಒಂದು ದಿನ ಇರುವನು. ಒಂದು ನಕ್ಷತ್ರಕ್ಕೆ ನಾಲ್ಕು ಪಾದಗಳು, ಪಾದಕ್ಕೆ ಸುಮಾರು ಆರು ತಾಸು. ಹುಟ್ಟಿದ ಹೊತ್ತಿಗೆ ಚಂದ್ರನು ಎಲ್ಲಿದ್ದನೋ ಅದೇ ನಮ್ಮ ಜನ್ಮನಕ್ಷತ್ರ. ರೂಢಿಯ ಮಾತಿನಂತೆ ಆಶ್ಲೇಷಾ ಅತ್ತೆಗೆ, ಮೂಲಾ ಮಾವನಿಗೆ, ಜ್ಯೇಷ್ಠಾ ಗಂಡನ ಅಣ್ಣನಿಗೆ, ವಿಶಾಖಾ ಗಂಡನ ತಮ್ಮನಿಗೆ ಆಗಿಬರುವದಿಲ್ಲ. ಇಪ್ಪತ್ತೇಳರಲ್ಲಿ ನಾಲ್ಕು ಎಂದರೆ, ಸುಮಾರು ಏಳು ಹೆಣ್ಣುಮಕ್ಕಳಲ್ಲಿ ಒಬ್ಬಳ ಮೇಲೆ ಈ ಯಾವುದಾದರೊಂದು ಮಾತು ಬರಲೇಬೇಕು. ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಬಂದ ಸೊಸೆಯಂದಿರನ್ನು ಎಣಿಸಿ ನೋಡಿರಿ. ಏಳರಲ್ಲೊಂದು ಮನೆಗೆ ಬೇರೆ ತರಹದ ಕೇಡು ಬಂದುದನ್ನು ಯಾರಾದರೂ ಕಂಡಿದ್ದಾರೆಯೆ? ಈ ಲೆಕ್ಕವನ್ನು ಹುಡುಗಿಯೇ ಕಾಗದದ ಮೇಲೆ ಮಾಡಿದಳು. ನಾನು ಅಂದಿದ್ದ "ಸುಳ್ಳು" ಎಂಬ ಒಂದು ಶಬ್ದಕ್ಕಿಂತ ಅವಳೇ ಮಾಡಿದ ಈ ಲೆಕ್ಕ ಅವಳಿಗೆ ಹೆಚ್ಚು ಉಪಯೋಗವಾಯಿತು.

ಇನ್ನೊಂದು ಮಾತು. ಮುಹೂರ್ತ ಗ್ರಂಥಗಳಲ್ಲಿ ಪ್ರಸಿದ್ಧವಾದ "ಮುಹೂರ್ತ ಚಿಂತಾಮಣಿ"ಯಲ್ಲಿ ಮೂಲಾ ನಕ್ಷತ್ರದ ಈ ಮಾತು ಹೆಣ್ಣು ಗಂಡು ಇಬ್ಬರಿಗೂ ಇದೆ. ಮೂಲಾದ ಅಳಿಯನೂ ಹೆಂಡತಿಯ ತಂದೆಗೆ ಆಗಿಬರಬಾರದು. ಆದರೆ ಅಳಿಯನ ನಕ್ಷತ್ರವನ್ನು ನೋಡಿ ನಾವು ಎಂದಾದರೂ ಗಂಡನ್ನು ಬಿಟ್ಟಿದ್ದೇವೆಯೆ? ಚೆನ್ನೈಯಲ್ಲಿರುವ ನಮ್ಮವರು ತಮಿಳರ ಒಂದು ನಾಣ್ನುಡಿಯನ್ನು ಬಲ್ಲರು: ಗಂಡು ಮೂಲಾದಲ್ಲಿ ಹುಟ್ಟಿದರೆ ರಾಜ್ಯವಾಳುವನು, ಹೆಣ್ಣು ಹುಟ್ಟಿದರೆ ನಿರ್ಮೂಲ. ಗ್ರಂಥದಲ್ಲಿ ಇಬ್ಬರಿಗೂ ಇದ್ದ ಮಾತನ್ನು ರೂಢಿ ಹೀಗೆ ಒಬ್ಬಳ ತಲೆಗೆ ಮಾತ್ರ ಕಟ್ಟಿತು. ಅದೇ ಗ್ರಂಥದಲ್ಲಿ ಇನ್ನೂ ಒಂದು ವಿನಾಯಿತಿ ಇದೆ. ಮೂಲಾದ ಕೊನೆಯ ಪಾದಕ್ಕೂ ಆಶ್ಲೇಷಾದ ಮೊದಲ ಪಾದಕ್ಕೂ ಈ ದೋಷ ಹೇಳಿಲ್ಲ. ವಿಶಾಖಾದ ಮೊದಲ ಮೂರು ಪಾದಗಳಿಗೂ ಇಲ್ಲ. ಆದ್ದರಿಂದ "ಮೂಲಾ" ಎಂದು ಹೆದರಿಸಿದವರನ್ನು "ಯಾವ ಪಾದ? ಯಾವ ಹೊತ್ತು ಹಿಡಿದು ಹೇಳಿದಿರಿ?" ಎಂದು ಕೇಳಬೇಕು.

ನಾವೂ ಕೇಳಿದೆವು. ಜಾತಕವನ್ನು ತಮ್ಮನೇ ಕಂಪ್ಯೂಟರಿನಲ್ಲಿ ತೆಗೆದಿದ್ದ. ಜನನಕಾಲ 5-40 ಎಂದು ಹಾಕಿದ್ದ. ಅಜ್ಜಿ ಕೂತಲ್ಲಿಂದಲೇ ಅಂದರು: "ಮುಂಜಾನೆ ಎಲ್ಲಿಂದ ಬಂತೋ? ಚಳಿಗಾಲ, ದೀಪಾ ಹಚ್ಚೋ ಹೊತ್ತು. ನಾ ದವಾಖಾನ್ಯಾಗ ಬಾಗಲದ ಮುಂದ ನಿಂತಿದ್ದೆ." ಟ್ರಂಕಿನ ತಳದಲ್ಲಿದ್ದ ಆಸ್ಪತ್ರೆಯ ಕಾರ್ಡನ್ನು ತೆಗೆದು ನೋಡಿದರೆ ಸಾಯಂಕಾಲ 5-40 ಎಂದೇ ಇತ್ತು. ಬೆಳಿಗ್ಗೆ, ಸಾಯಂಕಾಲ ಎಂದು ಆರಿಸುವ ಜಾಗದಲ್ಲಿ ತಮ್ಮ ಕೈ ತಪ್ಪಿದ್ದ. ಹನ್ನೆರಡು ತಾಸಿನ ವ್ಯತ್ಯಾಸವೆಂದರೆ ಎರಡು ಪಾದಗಳು. ಹುಡುಗಿ ಹುಟ್ಟಿದ್ದು ನಾಲ್ಕನೆಯ ಪಾದದಲ್ಲಿ. ಲಗ್ನವಂತೂ ಸುಮಾರು ಎರಡು ತಾಸಿಗೊಮ್ಮೆ ಬದಲಾಗುವದರಿಂದ ಕುಂಡಲಿಯ ಮನೆಗಳೆಲ್ಲ ತಪ್ಪಾಗಿದ್ದವು. ನಕ್ಷತ್ರವೂ ರಾಶಿಯೂ ಅವೇ ಉಳಿದುದರಿಂದ ಗುಣಗಳ ಎಣಿಕೆ ಮಾತ್ರ ಬದಲಾಗಲಿಲ್ಲ.

ಜಾತಕವನ್ನು ಕಳಿಸುವವರೆಲ್ಲರಿಗೂ ಇಲ್ಲಿ ಒಂದು ಪಾಠವಿದೆ. ಯಂತ್ರ ಕೊಟ್ಟ ಹಾಳೆಯನ್ನು ಹಾಗೆಯೇ ಕಳಿಸಬೇಡಿರಿ. ಜನನಕಾಲವನ್ನು ಆಸ್ಪತ್ರೆಯ ಕಾಗದದೊಡನೆ ತಾಳೆ ನೋಡಿರಿ. ನಕ್ಷತ್ರದ ಅಥವಾ ಪಾದದ ಅಂಚಿನಲ್ಲಿ ಹುಟ್ಟಿದ್ದರೆ, ವಾಕ್ಯ ಪಂಚಾಂಗದವರೂ ದೃಗ್ಗಣಿತ ಪಂಚಾಂಗದವರೂ ಬೇರೆ ಬೇರೆ ಹೇಳಬಹುದೆಂಬುದನ್ನು ನೆನಪಿನಲ್ಲಿಡಿರಿ. ಆದರೆ ಬೇಕಾದ ಪಾದ ಬರಲೆಂದು ಹೊತ್ತನ್ನು ತಿದ್ದುವ ಕೆಲಸ ಮಾತ್ರ ಬೇಡ. ಅದು ಹೊರಗೆ ಬಂದ ದಿನ ಅಪರಾಧಿಯಾಗಿ ನಿಲ್ಲುವವಳು ಹುಡುಗಿಯೇ. ತಿದ್ದಿದವರು ನಿಲ್ಲುವದಿಲ್ಲ.

ಸಂತೋಷವೂ ನೋಯಿಸಬಲ್ಲದು

ನಾಲ್ಕನೆಯ ಪಾದವೆಂದು ಗೊತ್ತಾದ ಕೂಡಲೆ ಮನೆಯಲ್ಲಿ ಹಬ್ಬವಾಯಿತು. ತಮ್ಮ ಹುಬ್ಬಳ್ಳಿಗೆ ಫೋನು ಮಾಡಲು ಎದ್ದ. ಕಾಕು "ನಾ ಹೇಳಿದ್ದಿಲ್ಲ? ನಮ್ಮ ಹುಡುಗಿ ಬಂಗಾರ" ಎಂದರು. ಹುಡುಗಿ ಸುಮ್ಮನೆ ಕೂತಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ಕಾರ್ಡಿನ್ಯಾಗ ಮುಂಜಾನೆ ಅಂತ ಇದ್ದಿದ್ರ ನಾ ಬಂಗಾರ ಅಲ್ಲೇನು? ನಿನ್ನಿ ನಾನೂ ಇವತ್ತಿನ ನಾನೂ ಒಬ್ಬಾಕೀನೇ ಅಲ್ಲೇನು?"

ಈ ಒಂದು ಮಾತಿಗಾಗಿಯೇ ನಾನು ಈ ಲೇಖನ ಬರೆಯುತ್ತಿದ್ದೇನೆ. ತಪ್ಪನ್ನು ತಿದ್ದಬೇಕು, ನಿಜ. ಆದರೆ ತಿದ್ದಿದ ತೀರ್ಪನ್ನು ಬಿಡುಗಡೆಯಂತೆ ಕೊಂಡಾಡಿದರೆ, ತಿದ್ದುವ ಮೊದಲಿನ ತೀರ್ಪೂ ನ್ಯಾಯವಾಗಿತ್ತೆಂದು ಒಪ್ಪಿದಂತಾಗುವದು. ನಿಜವಾಗಿ ಎರಡನೆಯ ಪಾದದಲ್ಲಿ ಹುಟ್ಟಿದ ನೂರಾರು ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಟ್ರಂಕಿನಿಂದ ಯಾವ ಕಾರ್ಡೂ ಬರುವದಿಲ್ಲ. ಅವರ ಅತ್ತೆಯಂದಿರೂ ಕಾಕುಗಳೂ ಏನು ಹೇಳಬೇಕು?

ಆ ದಿನ ಇದಕ್ಕೆ ಉತ್ತರ ಕೊಟ್ಟವರು ಅಜ್ಜಿ. ಅವರು ಪಂಚಾಂಗ ನೋಡದೆ ಮನೆಯಿಂದ ಹೊರಬೀಳದವರು. ಹುಡುಗಿಯನ್ನು ಹತ್ತಿರ ಕರೆದು, "ನವರಾತ್ರಿಯೊಳಗ ಸರಸ್ವತಿ ಆವಾಹನ ಯಾವ ನಕ್ಷತ್ರದಾಗ ಮಾಡ್ತೇವಿ? ಮೂಲಾದಾಗ. ಪುಸ್ತಕಾ ಇಟ್ಟು ನೀನಽ ಕೈ ಮುಗೀತಿದ್ದಿ. ದೇವರನ್ನ ಮನಿಗೆ ಕರಿಯೋ ದಿನಾ ಹುಟ್ಟೀದಿ. ಯಾವ ಪಾದಾದ್ರೇನು?" ಎಂದರು. ನಂಬಿಕೆಯುಳ್ಳವರ ಬಾಯಿಂದ, ನಂಬಿಕೆಯ ಒಳಗಿನಿಂದಲೇ ಬಂದ ಮಾತದು. ನನ್ನ "ಸುಳ್ಳು" ಮಾಡದ ಕೆಲಸವನ್ನು ಅದು ಮಾಡಿತು. ಹುಡುಗಿ ನಂಬುವವಳಾಗಿದ್ದರೆ ಅವಳ ನಂಬಿಕೆಯನ್ನು ಹೀಯಾಳಿಸುವದರಿಂದ ಸಮಾಧಾನವಾಗದು. ನಂಬದವಳಾಗಿದ್ದರೆ ಶಾಸ್ತ್ರವನ್ನು ಸಮರ್ಥಿಸುವದರಿಂದಲೂ ಆಗದು. ಅವಳು ಯಾವ ಕಡೆ ನಿಂತಿದ್ದಾಳೆಂದು ನೋಡಿ ಅಲ್ಲಿಂದಲೇ ಮಾತಾಡಬೇಕು.

ಶಾಂತಿಯ ವಿಷಯದಲ್ಲಿಯೂ ಇದೇ ಮಾತು. ಮನೆಯವರ ಸಮಾಧಾನಕ್ಕೆ ನಕ್ಷತ್ರಶಾಂತಿ ಮಾಡಿಸುವದಾದರೆ ಮೊದಲು ಹುಡುಗಿಯನ್ನು ಕೇಳಬೇಕು. ಅವಳು ಬೇಡವೆಂದರೆ ಬಿಡಬೇಕು. ಒಪ್ಪಿದರೆ ಮನೆಯ ಮಟ್ಟಿಗೆ ಮಾಡಿ ಮುಗಿಸಬೇಕು. ಕುಜದೋಷವೆಂದು ಹೇಳಿ ಹುಡುಗಿಗೆ ಮೊದಲು ಕುಂಭದೊಡನೆಯೋ ಬಾಳೆಯ ಗಿಡದೊಡನೆಯೋ ಮದುವೆ ಮಾಡಿಸುವವರಿದ್ದಾರೆ. ಬಂಧುಬಳಗದ ಎದುರಿಗೆ ಅದನ್ನು ಮಾಡಿಸಿಕೊಂಡವಳ ಮನಸ್ಸಿನಲ್ಲಿ ದೋಷ ಕಳೆಯಿತೆಂಬುದಕ್ಕಿಂತ ದೋಷವಿತ್ತೆಂಬುದೇ ಗಟ್ಟಿಯಾಗಿ ಉಳಿಯುವದು.

ಮಾತು ಎಲ್ಲಿ ನಿಲ್ಲಬೇಕು

ನಾವು ಮಾಡಿದ ತಪ್ಪುಗಳನ್ನು ಹಿಂದಿನಿಂದ ನೋಡಿದಾಗ ಇಷ್ಟು ತಿಳಿಯಿತು. ತೀರ್ಪು ಬಂದ ದಿನ ಹುಡುಗಿಗೆ ಅದನ್ನು ಮೊದಲು ತಿಳಿಸಬೇಕಾದವರು ತಂದೆ ಅಥವಾ ತಾಯಿ. ಅದೂ ಅದೇ ದಿನ, ಬೇರೆ ಯಾರಿಗೂ ಹೇಳುವ ಮೊದಲು. ಪೂರ್ತಿಯಾಗಿ ತಿಳಿಸಬೇಕು. "ಯಾಕೋ ಬ್ಯಾಡ ಅಂದ್ರು" ಎಂದು ಅರ್ಧ ಹೇಳಿದರೆ ಅವಳು ತನ್ನ ಬಣ್ಣವನ್ನೋ ಮಾತನ್ನೋ ನೆನೆದು ಕೊರಗುವಳು. ಗಂಡಿನ ಕಡೆಯವರು ಅಂದ ಮಾತನ್ನು ಅಂದಂತೆಯೇ ಹೇಳಿ, ಅದಕ್ಕೆ ನಮ್ಮದೊಂದು ಮಾತನ್ನು ಜೋಡಿಸಬೇಕು. ನನ್ನ ತಮ್ಮ ಈಗ ಹೇಳುತ್ತಾನೆ: "ಆ ದಿನಾನ ನಾ ಆಕೀ ಮುಂದ ಕೂತು, ಹಿಂಗಂದ್ರು ಮಗಳ, ನನಗಂತೂ ನೀ ಹುಟ್ಟಿದ ಹೊತ್ತು ಶುಭಾನೇ ಇತ್ತು ಅಂದಿದ್ರ ಸಾಕಾಗಿತ್ತು." ಮೂಲಾದಲ್ಲಿ ಹುಟ್ಟಿದ ಮಗಳನ್ನು ಇಪ್ಪತ್ತಾರು ವರ್ಷ ಸಾಕಿದವನು ಅವನು. ಆ ಹೊತ್ತಿಗೆ ಸಾಕ್ಷಿ ಅವನಿಗಿಂತ ಬೇರೆ ಯಾರಿದ್ದಾರೆ?

ಎರಡನೆಯದು, ಯಾರಿಗೆ ಹೇಳಬೇಕು, ಹೇಳಬಾರದು ಎಂಬುದನ್ನು ಹುಡುಗಿಯೇ ಹೇಳಲಿ. ಬಳಗದವರು ಕೇಳಿದರೆ "ಮುಂದುವರಿಯಲಿಲ್ಲ" ಎಂಬ ಒಂದೇ ಮಾತು ಸಾಕು. "ಮೂಲಾ ಅಂತ" ಎಂಬ ಮಾತು ಒಮ್ಮೆ ಹೊರಬಿದ್ದರೆ, ಮುಂದೆ ಬರುವ ಪ್ರತಿಯೊಂದು ಸಂಬಂಧದ ಬಾಗಿಲಲ್ಲಿಯೂ ಅವಳಿಗಿಂತ ಮೊದಲು ಹೋಗಿ ನಿಂತಿರುವದು. ಕಾಕು ಮೊಬೈಲಿನಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳಬೇಕಾಗಿತ್ತು. ಹೇಳುವ ಮೊದಲು, ಅವಳಿಗೆ ಆಗಲೇ ಗೊತ್ತಿದೆಯೇ ಎಂದು ತಾಯಿಯನ್ನು ಕೇಳಬೇಕಾಗಿತ್ತು. ದೂರದ ಊರಲ್ಲಿದ್ದವರು ಸುಮ್ಮನೆ ಫೋನು ಮಾಡಿ ಬೇರೆ ಮಾತಾಡಿದರೂ ಆದೀತು. ಬೆಳಗಾವಿಯ ದೊಡ್ಡಮ್ಮ ಹಾಗೆಯೇ ಮಾಡಿದರು. ತೀರ್ಪಿನ ಸುದ್ದಿಯನ್ನೇ ಎತ್ತದೆ "ದೀಪಾವಳಿಗೆ ಬಾ, ಹೊಸ ಸೀರಿಗೆ ಬ್ಲೌಸ್ ನೀನಽ ಆರಿಸಿಕೊಡಬೇಕು" ಎಂದರು. ಅವರ ಆ ಫೋನನ್ನು ಹುಡುಗಿ ಇಂದಿಗೂ ನೆನೆಯುತ್ತಾಳೆ.

ಮೂರನೆಯದು ದುಡ್ಡಿನ ಮಾತು. ಕೆಲವು ತಿಂಗಳ ಮೇಲೆ ಒಬ್ಬ ಮಧ್ಯಸ್ಥರು ಬಂದು, "ದೋಷ ಇದ್ರೂ ಒಪ್ಪೋರು ಇದ್ದಾರ್ರಿ, ಆದ್ರ ನೀವು ಸ್ವಲ್ಪ ಮುಂದಾಗಿ ನೋಡಿಕೊಳ್ಳಬೇಕು" ಎಂದರು. ತಮ್ಮ ಅವರಿಗೆ ಚಹ ಕೊಟ್ಟು ಕಳಿಸಿಬಿಟ್ಟ. ವರದಕ್ಷಿಣೆ ಕೊಡುವದೂ ತೆಗೆದುಕೊಳ್ಳುವದೂ 1961ರ ಕಾಯದೆಯಂತೆ ಅಪರಾಧವೆಂಬುದು ಒಂದು ಮಾತು. ಅದಕ್ಕಿಂತ ಹೆಚ್ಚಿನದೆಂದರೆ, ಹಾಗೆ ಕೊಟ್ಟವನು ತನ್ನ ಮಗಳಿಗೆ ದೋಷವಿತ್ತೆಂದು ತಾನೇ ರಸೀತಿ ಬರೆದುಕೊಟ್ಟಂತಾಗುವದು.

ಗಂಡಿನ ಕಡೆಯವರಿಗೂ ಒಂದು ಮಾತು ಹೇಳಬೇಕು. ಜಾತಕ ನೋಡಿಯೇ ತೀರುವವರಾದರೆ ಹುಡುಗ ಹುಡುಗಿ ಭೇಟಿಯಾಗುವ ಮೊದಲೇ ನೋಡಿ ಮುಗಿಸಿರಿ. ಇಬ್ಬರ ಮನಸ್ಸೂ ಕೂಡಿದ ಮೇಲೆ ಜೋಯಿಸರ ಹತ್ತಿರ ಹೋಗಬೇಡಿರಿ. ಬೇಡವೆನ್ನಲು ಬೇರೆ ಕಾರಣವಿದ್ದರೆ ಜಾತಕದ ಮೇಲೆ ಹಾಕಬೇಡಿರಿ. ನಿಮಗೆ ಅದು ಮರ್ಯಾದೆಯ ನೆವ. ಹುಡುಗಿಗೆ ಅದು ಮುಂದಿನ ಮನೆಗೂ ಹೊತ್ತುಕೊಂಡು ಹೋಗಬೇಕಾದ ಹೊರೆ.

ಮುಂದೆ ಆದದ್ದು

ಹುಬ್ಬಳ್ಳಿಗೆ ತಿರುಗಿ ಫೋನು ಹೋಗಲಿಲ್ಲ. ಹುಡುಗಿ ಬೇಡವೆಂದಳು. "ಪಾದ ನೋಡಿ ಒಪ್ಪೋರು ನಾಳೆ ಮತ್ತೇನರ ನೋಡಿ ಬಿಡ್ತಾರ" ಎಂದಳು. ತಮ್ಮನಿಗೆ ಬಹಳ ಕಷ್ಟವಾಯಿತು. ಒಳ್ಳೆಯ ಸಂಬಂಧವಾಗಿತ್ತು. ಆದರೂ ಅವಳ ಮಾತನ್ನು ನಡೆಸಿದ.

ಮರುವರ್ಷ ಪುಣೆಯಲ್ಲೇ ನೆಲೆಸಿದ, ಮೂಲತಃ ವಿಜಯಪುರದ ಕಡೆಯ ಒಂದು ಮನೆತನದ ಪ್ರಸ್ತಾಪ ಬಂತು. ಈ ಸಲ ಹುಡುಗಿ ಒಂದು ಕರಾರು ಹಾಕಿದಳು. ಯಾರೂ ಯಾರನ್ನೂ ನೋಡುವ ಮೊದಲೇ, ಮೊದಲ ಫೋನಿನಲ್ಲೇ ನಕ್ಷತ್ರ ಮೂಲಾ ಎಂದು ಹೇಳಬೇಕು, ಪಾದವನ್ನು ಹೇಳಬಾರದು. ತಮ್ಮ ಹಾಗೆಯೇ ಹೇಳಿದ. ಆ ಕಡೆ ಫೋನು ಹಿಡಿದವರು ಹುಡುಗನ ತಂದೆ, ಅಂದರೆ ಭಯಪಡಬೇಕಾದ ಮಾವನೇ. ಅವರು ನಕ್ಕು ಹೇಳಿದರಂತೆ: "ನನ್ನ ಆಯುಷ್ಯದ ಲೆಕ್ಕಾ ನನ್ನ ಜಾತಕದಾಗ ಇರಬೇಕಲ್ಲರಿ? ಮತ್ತೊಬ್ಬರ ಮಗಳ ಜಾತಕದಾಗ ಯಾಕ ಹುಡುಕೂದು?" ಮದುವೆಯಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಮದುವೆಯಾಗಿ ಎರಡು ವರ್ಷಕ್ಕೆ ಆ ಮಾವನಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಐ.ಸಿ.ಯು. ಹೊರಗಿನ ಬೆಂಚಿನ ಮೇಲೆ ನೋಡಲು ಬಂದ ಬಂಧುಗಳೊಬ್ಬರು ಮೆಲ್ಲಗೆ "ಸೊಸಿದು ಮೂಲಾ ಅಲ್ಲೇನು?" ಎಂದರು. ನಮ್ಮ ಹುಡುಗಿ ಔಷಧದ ಚೀಲ ಹಿಡಿದು ಅಲ್ಲೇ ನಿಂತಿದ್ದಳು. ಅವಳ ಕೈ ತಣ್ಣಗಾಯಿತಂತೆ. ಇಂಥ ತೀರ್ಪು ಹೀಗೆಯೇ ಇರುವದು. ಮದುವೆಯಾದ ದಿನ ಅದು ಸಾಯುವದಿಲ್ಲ. ಮನೆಯಲ್ಲಿ ಒಬ್ಬರಿಗೆ ಜ್ವರ ಬರುವ ದಿನವನ್ನು ಕಾಯುತ್ತ ಕೂತಿರುವದು.

ಅತ್ತೆಯವರು ಗಂಡನಿಗಾಗಿ ಕಣ್ಣೀರು ಒರೆಸಿಕೊಳ್ಳುತ್ತಿದ್ದವರು ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇವರಿಗೆ ಇಪ್ಪತ್ತು ವರ್ಷದಿಂದ ಬಿ.ಪಿ. ಅದ, ಹದಿನೈದು ವರ್ಷದಿಂದ ಸಕ್ಕರಿ ಅದ. ಆಕಿ ಬಂದು ಎರಡ ವರ್ಷಾತು. ಬಂದಾಗಿಂದ ಗುಳಿಗಿ ತಪ್ಪಿಸಿಲ್ಲ ಇವರು, ಆಕೀ ಕಾವಲಿನಿಂದ. ಆ ಮಾತು ನಮ್ಮ ಮನ್ಯಾಗ ಇಲ್ಲರಿ." ಇಷ್ಟು ಹೇಳಿ ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು.

ಮಾವನವರು ಚೇತರಿಸಿಕೊಂಡರು. ಆದರೆ ಅವರು ಚೇತರಿಸಿಕೊಳ್ಳದಿದ್ದರೂ ಅತ್ತೆಯವರ ಮಾತು ಅಷ್ಟೇ ನಿಜವಾಗಿರುತ್ತಿತ್ತು. ಅದನ್ನು ನಾನು ಹುಡುಗಿಗೆ ಹೇಳಿದೆ. ಅವಳು, "ಗೊತ್ತದ ಅತ್ಯಾ. ಅದಕ್ಕಽ ಅವರು ಶಸ್ತ್ರಚಿಕಿತ್ಸೆ ಮುಗಿಯೂದ್ರೊಳಗನ ಅದನ್ನ ಹೇಳಿಬಿಟ್ರು" ಎಂದಳು.